ಓದು ನಿಧಾನ, ಮಾತು ಚುರುಕು: ರಿಪೇರಿಯವರ ಫೋನ್ ನೋಡಿಕೊಳ್ಳುವ ಕೆಲಸ

ಶಾಲೆ ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳು ಸಂಪಾದನೆಯ ದಾರಿ ಕೇಳಿದರೆ ಎಲ್ಲರೂ ಹೇಳುವುದು ಹೊಲಿಗೆ, ಅಡುಗೆ, ಇಲ್ಲವೇ ಬಟ್ಟೆ ತಂದು ಮಾರುವುದು. ಬಟ್ಟೆ ವ್ಯಾಪಾರಕ್ಕೆ ಮೊದಲೇ ದುಡ್ಡು ಹಾಕಬೇಕು, ಮಾರಾಟವಾಗದ ಮಾಲು ಮನೆಯಲ್ಲೇ ಉಳಿಯುತ್ತದೆ. ಕಾಲ್ ಸೆಂಟರ್ ಕೆಲಸಕ್ಕೆ ಮಾತು ಚೆನ್ನಾಗಿದ್ದರೆ ಸಾಲದು. ಮಾತಾಡುತ್ತಲೇ ಪರದೆಯ ಮೇಲಿನದನ್ನು ಬೇಗ ಓದಬೇಕು, ಟೈಪ್ ಮಾಡಬೇಕು. ನಿಧಾನವಾಗಿ ಓದುವವರಿಗೆ ಅಲ್ಲಿ ದಿನವಿಡೀ ಹಿಂಸೆ. ನಾನು ಹೇಳಹೊರಟಿರುವುದು ಬೇರೆ ಕೆಲಸ. ಒಬ್ಬ ರಿಪೇರಿಯವರ ಫೋನ್ ಕರೆಗಳನ್ನು ನಮ್ಮ ಮನೆಯಿಂದಲೇ ನೋಡಿಕೊಳ್ಳುವುದು.

ಫ್ರಿಜ್, ವಾಷಿಂಗ್ ಮಷೀನ್ ರಿಪೇರಿ ಮಾಡುವವರನ್ನೇ ತೆಗೆದುಕೊಳ್ಳಿ. ಅವರ ಕೈ ಮಷೀನಿನ ಒಳಗಿರುವಾಗಲೇ ಫೋನ್ ಬರುತ್ತದೆ. ಎತ್ತಿದರೆ ಎದುರಿಗಿರುವ ಮನೆಯವರಿಗೆ ಬೇಸರ. ಎತ್ತದಿದ್ದರೆ ಕರೆ ಮಾಡಿದವರು ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತಾರೆ. ಸಂಜೆ ವಾಪಸ್ ಫೋನ್ ಮಾಡಿದರೆ "ಆಗಲೇ ಬೇರೆಯವರು ಬಂದು ಮಾಡಿಕೊಟ್ಟರು" ಎನ್ನುತ್ತಾರೆ. ಹೀಗೆ ತಪ್ಪಿಹೋಗುವ ಕೆಲಸವನ್ನು ಉಳಿಸಿಕೊಡುವುದೇ ನಿಮ್ಮ ದುಡಿಮೆ. ಅದಕ್ಕೇ ಅವರು ನಿಮಗೆ ಹಣ ಕೊಡುವುದು.

ನನ್ನ ತಂಗಿಯ ಸೊಸೆ ಮಾಡುತ್ತಿರುವುದು ಇದನ್ನೇ. ಒಂದು ಪುಟ ಓದಲು ಅವಳಿಗೆ ತುಂಬಾ ಹೊತ್ತು ಬೇಕು. ಆದರೆ ಮಾತಿಗೆ ನಿಂತರೆ ಎದುರಿನವರ ಸಿಟ್ಟು ಇಳಿಯುತ್ತದೆ. ತನ್ನ ಮನೆಯ ಮಷೀನ್ ಸರಿಮಾಡಲು ಬಂದವರನ್ನೇ ಅವಳು ಕೇಳಿದಳು: "ನೀವು ಕೆಲಸದಲ್ಲಿರುವಾಗ ಫೋನ್ ಯಾರು ಎತ್ತುತ್ತಾರೆ?" ಯಾರೂ ಇಲ್ಲ ಎಂದರು. ಎರಡು ವಾರ ನೋಡೋಣ, ಸರಿಹೋದರೆ ಮುಂದುವರಿಸೋಣ ಎಂದು ಮಾತಾಯಿತು. ನೀವೂ ಹೀಗೇ ಕೇಳಿ. ಪರಿಚಯದವರು, ಒಬ್ಬರೇ ಓಡಾಡಿ ಕೆಲಸ ಮಾಡುವವರು, ಕೈಕೆಲಸ ಚೆನ್ನಾಗಿರುವವರು ಸಿಕ್ಕರೆ ಸಾಕು. ಕೆಲಸ ಸರಿಯಿಲ್ಲದವರ ಫೋನ್ ಮಾತ್ರ ಹಿಡಿಯಬೇಡಿ. ಅವರ ತಪ್ಪಿಗೆಲ್ಲ ಬೈಗುಳ ತಿನ್ನುವವರು ನೀವಾಗುತ್ತೀರಿ.

ಏರ್ಪಾಡು ಸುಲಭ. ಅವರ ಫೋನಿನ ಸೆಟ್ಟಿಂಗಿನಲ್ಲಿ ಕಾಲ್ ಫಾರ್ವರ್ಡಿಂಗ್ ಅಂತ ಇರುತ್ತದೆ. ಎತ್ತದಿದ್ದಾಗ ಅಥವಾ ಬಿಝಿ ಇದ್ದಾಗ ಮಾತ್ರ ಕರೆ ನಿಮ್ಮ ನಂಬರಿಗೆ ಬರುವ ಹಾಗೆ ಅವರೇ ಇಟ್ಟುಕೊಳ್ಳಲಿ. ಅವರ ಕೈ ಖಾಲಿ ಇದ್ದಾಗ ಅವರೇ ಮಾತಾಡುತ್ತಾರೆ. ಇದಕ್ಕೆ ನಿಮ್ಮ ಹೆಸರಿನಲ್ಲಿ ಬೇರೆಯೇ ಒಂದು ಸಿಮ್ ಇದ್ದರೆ ಒಳ್ಳೆಯದು. ಆ ನಂಬರಿಗೆ ಬಂದ ಕರೆ ಅಂದರೆ ಕೆಲಸದ ಕರೆ ಎಂದು ಗೊತ್ತಾಗುತ್ತದೆ, ರಾತ್ರಿ ಅದೊಂದನ್ನೇ ಆಫ್ ಮಾಡಬಹುದು. ಫಾರ್ವರ್ಡಿಂಗ್ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಗೊತ್ತಿಲ್ಲದ ಯಾರಾದರೂ ಫೋನ್ ಮಾಡಿ "ಈ ನಂಬರ್ ಒತ್ತಿ" ಎಂದು ನಕ್ಷತ್ರ ಚಿಹ್ನೆಯ ಕೋಡ್ ಹೇಳಿದರೆ ಒತ್ತಲೇಬೇಡಿ. ನಿಮ್ಮ ಕರೆಗಳೆಲ್ಲ ಅವರ ಕಡೆಗೆ ತಿರುಗಿಬಿಡಬಹುದು. ಓಟಿಪಿಯನ್ನೂ ಯಾರಿಗೂ ಹೇಳಬಾರದು.

ಇನ್ನು ನಿಜವಾದ ಕಸುಬು, ಅಂದರೆ ಪ್ರಶ್ನೆ ಕೇಳುವುದು. ಸುಮ್ನೆ "ಆಯ್ತು, ಹೇಳ್ತೀನಿ" ಅಂದು ಇಡುವುದಾದರೆ ನೀವೇ ಬೇಕಾಗಿಲ್ಲ. ರಿಪೇರಿಯವರು ಹೊರಡುವ ಮುಂಚೆಯೇ ತೊಂದರೆ ಏನೆಂದು ಒಂದಷ್ಟು ಗೊತ್ತಿದ್ದರೆ ಸರಿಯಾದ ಬಿಡಿಭಾಗ ಒಯ್ಯುತ್ತಾರೆ, ಎರಡು ಸಲ ಹೋಗುವುದು ತಪ್ಪುತ್ತದೆ. ಒಂದು ಸಂಜೆ ಅವರ ಜೊತೆ ಕೂತು, ಯಾವ ಮಷೀನಿಗೆ ಏನು ಕೇಳಬೇಕು ಎಂದು ಬಾಯಿಪಾಠ ಮಾಡಿಕೊಳ್ಳಿ. ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ಮನೆಕೆಲಸ ಮಾಡುತ್ತಾ ಮತ್ತೆ ಮತ್ತೆ ಕೇಳಿ. ಓದುವ ಗೋಜೇ ಇಲ್ಲ.

ಒಂದು ಕರೆ ಹೇಗಿರುತ್ತದೆ ನೋಡಿ. "ವಾಷಿಂಗ್ ಮಷೀನ್ ಕೆಟ್ಟಿದೆ, ಬೇಗ ಕಳಿಸಿ" ಎಂದರು. ಮೊದಲು ಕೇಳಬೇಕಾದದ್ದು, ಬಟ್ಟೆ ಮೇಲಿನಿಂದ ಹಾಕುವ ಮಷೀನೋ, ಮುಂದಿನಿಂದ ಹಾಕುವುದೋ. ಆಮೇಲೆ, ಆನ್ ಆಗುತ್ತಿದೆಯೇ? ಆಗದಿದ್ದರೆ ಅದೇ ಪ್ಲಗ್ಗಿಗೆ ಬೇರೇನಾದರೂ ಹಾಕಿ ನೋಡಿದರೇ? ಎಷ್ಟೋ ಸಲ ಕೆಟ್ಟಿರುವುದು ಮಷೀನಲ್ಲ, ಪ್ಲಗ್ ಪಾಯಿಂಟು. ಆನ್ ಆಗುತ್ತದೆ, ನೀರೂ ತುಂಬುತ್ತದೆ, ಆದರೆ ನೀರು ಹೊರಗೆ ಹೋಗುತ್ತಿಲ್ಲ ಎಂದರೆ ಹಿಂದಿನ ಪೈಪ್ ಮಡಚಿಕೊಂಡಿದೆಯೇ ನೋಡಲು ಹೇಳಿ. ಮುಂದಿನಿಂದ ಬಟ್ಟೆ ಹಾಕುವ ಮಷೀನಾದರೆ ಸಾಮಾನ್ಯವಾಗಿ ಕೆಳಗೆ ಒಂದು ಚಿಕ್ಕ ಮುಚ್ಚಳದ ಹಿಂದೆ ಫಿಲ್ಟರ್ ಇರುತ್ತದೆ. ನಾಣ್ಯ, ಗುಂಡಿ, ದಾರ ಅಲ್ಲಿ ಸಿಕ್ಕಿಕೊಂಡು ನೀರು ಕಟ್ಟುತ್ತದೆ. ಅದನ್ನು ಮನೆಯವರೇ ಬಿಚ್ಚಲಿ ಎಂದು ನೀವು ಹೇಳಬೇಡಿ. ಒಳಗಿನ ನೀರೆಲ್ಲ ಒಮ್ಮೆಲೇ ಹೊರಗೆ ಸುರಿಯುತ್ತದೆ, ಬಿಸಿ ನೀರಿದ್ದರೆ ಕೈ ಸುಡುತ್ತದೆ. "ಕೊನೆಯ ಸಲ ಫಿಲ್ಟರ್ ಯಾವಾಗ ತೆಗೆದದ್ದು?" ಎಂದು ಕೇಳಿ, ಉತ್ತರವನ್ನು ರಿಪೇರಿಯವರಿಗೆ ದಾಟಿಸಿ. ನೀರು ಹೋಗುವ ಹೊತ್ತಿಗೆ ಗುಂಯ್ ಅಂತ ಸದ್ದು ಬರುತ್ತದೆಯೋ ಇಲ್ಲವೋ ಎಂಬುದನ್ನೂ ಕೇಳಿ. ನೀರು ಹೊರಹಾಕುವ ಪಂಪಿಗೆ ಕರೆಂಟ್ ಹೋಗುತ್ತಿದೆಯೇ ಎಂಬುದಕ್ಕೆ ಅವರಿಗೆ ಅದೊಂದು ಸುಳಿವು.

ಫ್ರಿಜ್ಜಿಗೆ ಬೇರೆ ಪ್ರಶ್ನೆಗಳು. ಒಳಗಿನ ದೀಪ ಉರಿಯುತ್ತಿದೆಯೇ? ಬಾಗಿಲಿನ ರಬ್ಬರ್ ಸರಿಯಾಗಿ ಅಂಟುತ್ತಿದೆಯೇ? ಐಸ್ ಗೋಡೆಗಟ್ಟಿದೆಯೇ? ಇತ್ತೀಚೆಗೆ ಮನೆ ಬದಲಾಯಿಸಿ ಫ್ರಿಜ್ ಮಲಗಿಸಿ ತಂದಿರಾ? ಸುಟ್ಟ ವಾಸನೆ ಅಥವಾ ಶಾಕ್ ಎಂದರೆ ಮಾತ್ರ ಪ್ರಶ್ನೆಯೆಲ್ಲ ಆಮೇಲೆ. ಮೊದಲು ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿ, ಮಷೀನ್ ಮುಟ್ಟಬೇಡಿ ಎಂದು ಹೇಳಿ.

ಕೊನೆಗೆ ಎಲ್ಲವನ್ನೂ ಒಮ್ಮೆ ಅವರಿಗೇ ತಿರುಗಿ ಹೇಳಿ: "ಮುಂದಿನಿಂದ ಬಟ್ಟೆ ಹಾಕುವ ಮಷೀನು, ನೀರು ಹೋಗುತ್ತಿಲ್ಲ, ಸದ್ದೂ ಇಲ್ಲ. ಎರಡನೇ ಮಹಡಿ. ನಾಳೆ ಹನ್ನೊಂದರಿಂದ ಒಂದರ ಒಳಗೆ ಮನೆಯಲ್ಲಿ ಇರುತ್ತೀರಿ, ಸರೀನಾ?" ಬರೆದುಕೊಂಡು ಓದುವವರಿಗಿಂತ ಕೇಳಿ ನೆನಪಿಟ್ಟುಕೊಳ್ಳುವವರು ಇದನ್ನು ಚೆನ್ನಾಗಿ ಮಾಡುತ್ತಾರೆ. ಸಮಯವನ್ನು "ಹನ್ನೊಂದಕ್ಕೆ" ಎಂದು ಹೇಳಬೇಡಿ, ಎರಡು ಗಂಟೆಯ ಅಂತರ ಕೊಡಿ. ಹಿಂದಿನ ಮನೆಯಲ್ಲಿ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ತಡವಾಗುತ್ತಿದ್ದರೆ ಅವರು ಕೇಳುವ ಮೊದಲೇ ನೀವೇ ಫೋನ್ ಮಾಡಿ. ಗಿರಾಕಿ ಉಳಿಯುವುದು ಈ ಒಂದು ಫೋನಿನಿಂದಲೇ. ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳಿದರೆ ಬಂದು ನೋಡುವ ಚಾರ್ಜ್ ಮಾತ್ರ ಹೇಳಿ. ಉಳಿದದ್ದು ಮಷೀನ್ ಬಿಚ್ಚಿ ನೋಡಿದ ಮೇಲೆ ಅವರ ಬಾಯಿಂದಲೇ ಬರಲಿ.

ವಿಳಾಸ ಬರೆಯುವುದೇ ಕಷ್ಟ ಅಲ್ವಾ? ಬರೆಯಬೇಡಿ. ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಲು ಹೇಳಿ, ಅದನ್ನೇ ರಿಪೇರಿಯವರಿಗೆ ಫಾರ್ವರ್ಡ್ ಮಾಡಿ. ಅದರ ಕೆಳಗೆ ನಿಮ್ಮ ವಾಯ್ಸ್ ಮೆಸೇಜ್ ಇರಲಿ: ಯಾವ ಮಷೀನು, ಏನು ತೊಂದರೆ, ಎಷ್ಟು ಹೊತ್ತಿಗೆ. ಮೈಕ್ ಒತ್ತಿ ಹಿಡಿದು ಮೇಲಕ್ಕೆ ಸರಿಸಿದರೆ ಬೆರಳು ತೆಗೆದರೂ ರೆಕಾರ್ಡ್ ನಡೆಯುತ್ತದೆ. ಗಿರಾಕಿ ಉದ್ದುದ್ದ ಬರೆದು ಕಳಿಸಿದರೆ ಆಂಡ್ರಾಯ್ಡ್ ಫೋನಿನಲ್ಲಿ Accessibility ಒಳಗೆ Select to Speak ಎಂಬುದು ಇರುತ್ತದೆ. ಅದನ್ನು ಆನ್ ಮಾಡಿಟ್ಟು, ಪರದೆಯ ಮೇಲೆ ಬರುವ ಅದರ ಗುರುತನ್ನು ಒತ್ತಿ, ಆಮೇಲೆ ಬರಹವನ್ನು ಮುಟ್ಟಿದರೆ ಫೋನೇ ಓದಿ ಹೇಳುತ್ತದೆ. ಮೊದಲ ಸಲ ಮನೆಯಲ್ಲಿ ಯಾರಾದರೂ ಹೊಂದಿಸಿಕೊಟ್ಟರೆ ಸಾಕು.

ಆದರೆ ಒಂದು ಪುಸ್ತಕ ಬೇಕೇಬೇಕು. ಎಲ್ಲ ಫೋನಿನಲ್ಲೇ ಇದೆ ಎಂದು ಬಿಟ್ಟರೆ ತಿಂಗಳ ಕೊನೆಗೆ ಲೆಕ್ಕ ಸಿಗುವುದಿಲ್ಲ. ಗೆರೆ ಪುಸ್ತಕದಲ್ಲಿ ಐದು ಕಂಬ ಎಳೆಯಿರಿ. ಮೊದಲನೆಯದರಲ್ಲಿ ತಾರೀಖು. ಎರಡನೆಯದರಲ್ಲಿ ಫೋನ್ ನಂಬರಿನ ಕೊನೆಯ 4 ಅಂಕೆ. ಮೂರನೆಯದರಲ್ಲಿ ಚಿತ್ರ: ಚೌಕದೊಳಗೆ ಸೊನ್ನೆ ಇದ್ದರೆ ವಾಷಿಂಗ್ ಮಷೀನು, ಉದ್ದ ಚೌಕಕ್ಕೆ ಅಡ್ಡಗೆರೆ ಇದ್ದರೆ ಫ್ರಿಜ್ಜು. ನಾಲ್ಕನೆಯದರಲ್ಲಿ ಕೊಟ್ಟ ಸಮಯ. ಕೊನೆಯದರಲ್ಲಿ ಗುರುತು: ಕೆಲಸ ಮುಗಿದರೆ ಟಿಕ್, ಬಿಡಿಭಾಗಕ್ಕೆ ಕಾಯುತ್ತಿದ್ದರೆ ಅರ್ಧ ಟಿಕ್, ಗಿರಾಕಿ ಬೇಡ ಎಂದರೆ ಇಂಟು. ಅರ್ಧ ಟಿಕ್ ಇರುವ ಸಾಲುಗಳನ್ನು ದಿನಾ ಬೆಳಿಗ್ಗೆ ನೋಡಿ ರಿಪೇರಿಯವರಿಗೆ ನೆನಪಿಸಿ. ದೂರುಗಳು ಬಹುಪಾಲು ಹುಟ್ಟುವುದು ಈ ಸಾಲುಗಳಿಂದಲೇ. "ಬಿಡಿಭಾಗ ತರ್ತೀನಿ ಎಂದು ಹೋದವರು ಬರಲೇ ಇಲ್ಲ" ಎಂಬ ಮಾತು ನೀವೂ ಕೇಳಿರುತ್ತೀರಿ.

ಹಣದ ಮಾತು ಮೊದಲ ದಿನವೇ ಬಿಡಿಸಿ ಆಡಿ. ಬಿಲ್ಲಿನಲ್ಲಿ ಪಾಲು ಬೇಡ, ಏಕೆಂದರೆ ಬಿಲ್ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬಿಡಿಭಾಗದ ದುಡ್ಡು ಬೇರೆ ಅದರಲ್ಲಿ ಸೇರಿರುತ್ತದೆ, ಅದು ಅಂಗಡಿಗೆ ಹೋಗುವ ಹಣ. ನಿಮ್ಮ ಮೂಲಕ ಬಂದು ಮುಗಿದ ಪ್ರತಿ ಕೆಲಸಕ್ಕೆ ಇಷ್ಟು ಎಂದು ಒಂದೇ ಮೊತ್ತ ಗೊತ್ತುಮಾಡಿ. ಅವರ ಮಾಮೂಲಿ ಕೂಲಿಯ ಹತ್ತರಲ್ಲಿ ಒಂದು ಭಾಗದಿಂದ ಮಾತು ಶುರುಮಾಡಬಹುದು. ಆಗ ಟಿಕ್ ಎಣಿಸಿದರೆ ಲೆಕ್ಕ ಮುಗಿಯಿತು. 40 ಟಿಕ್ ಇದ್ದರೆ ನಾಲ್ಕು ಕೆಲಸದ ಪೂರ್ತಿ ಕೂಲಿ ನಿಮಗೆ ಬಂದಂತೆ. ಕೆಲಸ ಕಡಿಮೆ ಬರುವ ತಿಂಗಳಿಗೆಂದು ಸಣ್ಣದೊಂದು ಖಾಯಂ ಮೊತ್ತವನ್ನೂ, ಫೋನ್ ರೀಚಾರ್ಜನ್ನೂ ಕೇಳಿ. ಫೋನ್ ಕಾಯುವುದೂ ಕೆಲಸವೇ. ಈ ಮಾತುಗಳನ್ನು ವಾಯ್ಸ್ ಮೆಸೇಜಿನಲ್ಲಿ ಅವರಿಗೆ ಕಳಿಸಿ, "ಹೌದಕ್ಕಾ, ಒಪ್ಪಿದೆ" ಎಂದು ಅವರ ದನಿಯಲ್ಲೇ ಉತ್ತರ ತರಿಸಿಕೊಳ್ಳಿ. ಗಿರಾಕಿಯ ಹಣ ಮಾತ್ರ ನಿಮ್ಮ ಖಾತೆಗೆ ಬರುವುದು ಬೇಡ, ನೇರ ಅವರಿಗೇ ಹೋಗಲಿ. ಕೆಲಸ ಕೊಡುತ್ತೇವೆ, ಮೊದಲು ನೋಂದಣಿಗೆ ದುಡ್ಡು ಕಟ್ಟಿ ಎನ್ನುವವರ ಹತ್ತಿರ ಮಾತನ್ನೇ ಬೆಳೆಸಬೇಡಿ.

ಇದು ಒಂದೇ ದಿನಕ್ಕೆ ಮನೆ ನಡೆಸುವ ಸಂಪಾದನೆಯಲ್ಲ. ಒಬ್ಬರ ಕರೆಗಳಿಂದ ಕೈಖರ್ಚಿಗಷ್ಟೇ ಆಗಬಹುದು. ಹೆಚ್ಚು ಬೇಕಾದರೆ ಇನ್ನೊಬ್ಬರನ್ನು ಸೇರಿಸಿಕೊಳ್ಳಬೇಕು. ಆ ಇನ್ನೊಬ್ಬರು ಬೇರೆ ಕಸುಬಿನವರಾಗಿರಲಿ, ನಲ್ಲಿ ಕೆಲಸದವರೋ ಎಲೆಕ್ಟ್ರಿಷಿಯನ್ನೋ. ಫ್ರಿಜ್ ರಿಪೇರಿಯವರನ್ನೇ ಇಬ್ಬರನ್ನು ಹಿಡಿದರೆ ಕರೆ ಯಾರಿಗೆ ಕೊಟ್ಟಿರಿ ಎಂಬ ಜಗಳ ಬರುತ್ತದೆ. ಹೊಸಬರಿಗೆ ಬೇರೆ ಬಣ್ಣದ ಪೆನ್ನು, ಬೇರೆ ಪುಸ್ತಕ. ಇಬ್ಬರಿಗೂ ನಿಮ್ಮ ಬಿಡುವಿನ ಹೊತ್ತು ಮೊದಲೇ ತಿಳಿಸಿ. ಮಕ್ಕಳನ್ನು ಹೊರಡಿಸುವ ಒಂದು ಗಂಟೆ, ರಾತ್ರಿ ಎಂಟರ ಮೇಲೆ ನೀವು ಎತ್ತುವುದಿಲ್ಲ ಎಂದರೆ ಆ ಹೊತ್ತಿನಲ್ಲಿ ಫಾರ್ವರ್ಡಿಂಗ್ ಅವರೇ ತೆಗೆದಿಡಬೇಕು. ನೀವು ಎತ್ತದೆ ಬಿಟ್ಟ ಕರೆಗಳು ಜಾಸ್ತಿಯಾಗುತ್ತಿವೆ ಎಂದು ಫೋನ್ ಪಟ್ಟಿಯಲ್ಲಿ ಕಂಡರೆ ಮೂರನೆಯವರನ್ನು ಸೇರಿಸಿಕೊಳ್ಳಬೇಡಿ.