ಟಿವಿ ನಮ್ಮ ಮಾತು ಕೇಳಿಸಿಕೊಳ್ಳದಂತೆ ನಾನು ಮಾಡಿದ್ದು ಹೀಗೆ

ಹಾಲ್‌ನಲ್ಲಿ ನಾವು ನಮ್ಮ ಪಾಡಿಗೆ ಮಾತಾಡುತ್ತಿದ್ದರೆ ಟಿವಿಯ ದೀಪ ಸುಮ್ನೆ ಹೊತ್ತಿಕೊಳ್ಳುತ್ತಿತ್ತು. ನಮ್ಮದು ಆಂಡ್ರಾಯ್ಡ್ ಟಿವಿ. ‘ಹೇ ಗೂಗಲ್’ ಎಂಬ ಕರೆಗೆ ಓಗೊಡಲು ಟಿವಿಯೊಳಗಿನ ಮೈಕ್ ಸದಾ ಎಚ್ಚರವಾಗಿರುತ್ತದೆ. ಆ ಕರೆಯಂತೆ ಕೇಳಿಸುವ ಬೇರೆ ಮಾತು ಕಿವಿಗೆ ಬಿದ್ದರೂ ತನ್ನನ್ನೇ ಕರೆದರೆಂದು ತಿಳಿಯುತ್ತದೆ. ಮನೆಯ ಮಾತು ಮನೆಯಲ್ಲೇ ಇರಬೇಕು, ಅಲ್ವಾ?

ಪರದೆಯ ಕೆಳ ಅಂಚಿನಲ್ಲಿ ಕೈಯಾಡಿಸಿದಾಗ ಒಂದು ಪುಟ್ಟ ಸ್ವಿಚ್ ಸಿಕ್ಕಿತು. ಪಕ್ಕದಲ್ಲೇ ಮೈಕ್ ಚಿತ್ರವಿತ್ತು. ಅದನ್ನು ಸರಿಸಿದೆ, ಕಿತ್ತಳೆ ದೀಪ ಬಂತು. ಅಂದರೆ ಮೈಕ್ ಬಂದ್. ಖಾತ್ರಿಗೆ ‘ಹೇ ಗೂಗಲ್’ ಎಂದು ಜೋರಾಗಿ ಕರೆದೆ. ಟಿವಿ ಅಲುಗಲಿಲ್ಲ.

ಆದರೆ ರಿಮೋಟ್‌ನಲ್ಲಿ ಇನ್ನೊಂದು ಮೈಕ್ ಇರುತ್ತದೆ. ಈ ಸ್ವಿಚ್ ಅದನ್ನು ಮುಟ್ಟುವುದಿಲ್ಲ. ಅದು ಗುಂಡಿ ಒತ್ತಿದಾಗ ಮಾತ್ರ ಕೇಳಿಸಿಕೊಳ್ಳುತ್ತದೆ, ಹಾಗಾಗಿ ಅಪಾಯ ಕಡಿಮೆ. ಆದರೂ ಮಕ್ಕಳ ಕೈಗೆ ರಿಮೋಟ್ ಹೋಗುವ ಮನೆ ನಮ್ಮದು. Settings ಒಳಗೆ Apps, ಅಲ್ಲಿ App permissions, ಆಮೇಲೆ Microphone ತೆರೆದೆ. ಪಟ್ಟಿಯಲ್ಲಿದ್ದ ಎಲ್ಲ ಆಪ್‌ಗಳ ಅನುಮತಿ ತೆಗೆದೆ. ಈಗ ಗುಂಡಿ ಒತ್ತಿದರೆ ಟಿವಿ ಮತ್ತೆ ಅನುಮತಿ ಕೇಳುತ್ತದೆ. ಅಲ್ಲಿ ಬೇಡ ಎನ್ನಬೇಕು.

ಹುಡುಕಾಟಕ್ಕೆ ಈಗ ಅಕ್ಷರಗಳನ್ನು ಒಂದೊಂದಾಗಿ ಒತ್ತಬೇಕು. ಅಷ್ಟು ತೊಂದರೆ ನನಗೆ ಒಪ್ಪಿಗೆ. ಸ್ವಿಚ್ ಇಲ್ಲದ ಟಿವಿಗಳಲ್ಲಿ ಈ ಅನುಮತಿ ಪಟ್ಟಿಯಿಂದಲೇ ಶುರುಮಾಡಿ.