ಹನ್ನೊಂದು ಸಾವಿರ ಸಾಲಿನಲ್ಲಿ ಅರವತ್ತು: ಸಂಘದ ಲೆಕ್ಕಕ್ಕೆ ನಮೂನೆ ತೆಗೆಯುವುದು ಹೇಗೆ?

‘ಹೆಗಡೇರೇ, ಆ ತೂಕದ ಚೀಟಿ ಸಿಗ್ತಾ ಇಲ್ಲೆ. ಅದ್ರ ಪಕ್ಕದ್ದು ಇದ್ದು, ಅದನ್ನೇ ನೋಡಿದ್ರೆ ಆಗ್ತಿಲ್ಯಾ?’

ಶಿರಸಿ ಸೀಮೆಯ ಒಂದು ಸಹಕಾರ ಸಂಘದಲ್ಲಿ ಆಂತರಿಕ ತಪಾಸಣೆಗೆ ಕೂತಾಗ ಗುಮಾಸ್ತರು ಹೀಗೆ ಕೇಳಿದರು. ಮಳೆಗಾಲದ ತೇವಕ್ಕೆ ಕಟ್ಟಿನ ಚೀಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಕಾರ್ಬನ್ ಪ್ರತಿಯ ಅಕ್ಷರ ಮಾಸಿತ್ತು. ಅವರ ಮಾತಿನಲ್ಲಿ ಕಪಟವೇನೂ ಇರಲಿಲ್ಲ. ಆದರೂ ಆಗುವುದಿಲ್ಲ ಎಂದೆ. ಯಾಕೆ ಆಗುವುದಿಲ್ಲ ಎನ್ನುವುದು ತಿಳಿದರೆ, ಎಲ್ಲವನ್ನೂ ನೋಡಲಾಗದೆ ಕೆಲವನ್ನಷ್ಟೇ ನಮೂನೆಯಾಗಿ ಎತ್ತಿ ನೋಡುವ ಈ ಕೆಲಸದ ಮುಕ್ಕಾಲು ಪಾಲು ತಿಳಿದ ಹಾಗೆ. ಆ ಚೀಟಿಯ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಪಟ್ಟಿ ಪೂರ್ತಿ ಇದೆಯೇ ನೋಡಿ

ಸಂಘದ ಸದಸ್ಯರು ತಂದ ಅಡಿಕೆ ವಖಾರಿಯಲ್ಲಿ ತೂಗಿ, ಟೆಂಡರಿನಲ್ಲಿ ವಿಕ್ರಿಯಾಗಿ, ಹಣ ಅವರ ಖಾತೆಗೆ ಜಮಾ ಆಗುತ್ತದೆ. ನಮ್ಮ ಕೈಗೆ ಬಂದದ್ದು ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವಿಕ್ರಿ ಪಟ್ಟಿ, ಅದರಲ್ಲಿ ವಿಕ್ರಿಯ ಸಾಲು ಒಟ್ಟು 11,640. ಮೊದಲ ಕೆಲಸ, ನಡುನಡುವೆ ಇರುವ ‘ತಿಂಗಳ ಒಟ್ಟು’ ಸಾಲುಗಳನ್ನೂ ಖಾಲಿ ಸಾಲುಗಳನ್ನೂ ತೆಗೆದು, ಮೊತ್ತದ ಕಾಲಮನ್ನು ಕೂಡಿ ಖಾತೆ ಪುಸ್ತಕದ ವಿಕ್ರಿ ಮೊತ್ತಕ್ಕೆ ತಾಳೆ ನೋಡುವುದು. ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ. ಪಟ್ಟಿಯಲ್ಲೇ ಇಲ್ಲದ ಸಾಲು ನಮೂನೆಯಲ್ಲಿ ಬರಲು ಸಾಧ್ಯವೇ ಇಲ್ಲ. ಬಿಲ್ ಸಂಖ್ಯೆ ಎಲ್ಲಾದರೂ ತಪ್ಪಿ ಹೋಗಿದ್ದರೆ ಗುರುತು ಹಾಕಿ. ಆಮೇಲೆ ಪಟ್ಟಿಯ ಒಂದು ಪ್ರತಿ ಎತ್ತಿಟ್ಟು, ಅದನ್ನು ಮತ್ತೆ ಮುಟ್ಟಬೇಡಿ.

ದೊಡ್ಡ ಮೊತ್ತದವನ್ನು ಅದೃಷ್ಟಕ್ಕೆ ಬಿಡಬಾರದು. ಐದು ಲಕ್ಷ ದಾಟಿದ 40 ಸಾಲುಗಳನ್ನು ಬೇರೆ ತೆಗೆದು ಪೂರ್ತಿ ನೋಡಿದೆವು. ಉಳಿದ 11,600 ಸಾಲಿಗೆ 1ರಿಂದ ಹೊಸದಾಗಿ ಸಂಖ್ಯೆ ಕೊಟ್ಟೆವು. ಈ ಎರಡು ಗುಂಪಿನ ಫಲಿತಾಂಶವನ್ನು ಕೊನೆಯವರೆಗೂ ಬೆರೆಸಬಾರದು.

ಎತ್ತುವುದು

‘ಕಣ್ಣು ಮುಚ್ಚಿ ನಾಲ್ಕು ಕಟ್ಟು ತೆಗೀರಿ’ ಎಂದರೆ ಅದು ಯಾದೃಚ್ಛಿಕ ಆಗುವುದಿಲ್ಲ. ಕೈ ಮೇಲಿನ ಕಟ್ಟಿಗೇ ಹೋಗುತ್ತದೆ, ಹರಿದ ಕಟ್ಟನ್ನು ಬಿಡುತ್ತದೆ. ಪ್ರತಿಯೊಂದು ಸಾಲಿಗೂ ಬರುವ ಅವಕಾಶ ಒಂದೇ ಇರಬೇಕು.

ಎಕ್ಸೆಲ್‌ನಲ್ಲಿ ಮಾಡುವವರು ಪಕ್ಕದ ಕಾಲಮಿನಲ್ಲಿ `=RAND()` ಹಾಕಿ, ಅದರ ಪ್ರಕಾರ ಸಾಲುಗಳನ್ನು ಜೋಡಿಸಿ ಮೇಲಿನ 60 ತೆಗೆಯುತ್ತಾರೆ. ಇಲ್ಲಿ ಎಡವುವ ಜಾಗ ಎರಡಿದೆ. ಹಾಳೆಯಲ್ಲಿ ಏನೇ ಬದಲಾದರೂ `RAND()` ಹೊಸ ಅಂಕಿ ಕೊಡುತ್ತದೆ, ಹಾಗಾಗಿ ಜೋಡಿಸುವ ಮೊದಲೇ ಆ ಕಾಲಮನ್ನು `Paste Special` ನಲ್ಲಿ `Values` ಮಾಡಿಕೊಳ್ಳಬೇಕು. ಎರಡನೆಯದು ಇನ್ನೂ ಕೆಟ್ಟದ್ದು: ಒಂದೇ ಕಾಲಮ್ ಆರಿಸಿ ಜೋಡಿಸಿದರೆ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಮೊತ್ತ ಬಂದು ಕೂರುತ್ತದೆ. ಎತ್ತಿಟ್ಟ ಪ್ರತಿಯ ಎರಡು ಮೂರು ಸಾಲಿನೊಂದಿಗೆ ಹೋಲಿಸಿದರೆ ಇದು ಕೂಡಲೇ ಗೊತ್ತಾಗುತ್ತದೆ.

ನನಗೆ ಹಿಡಿಸಿದ್ದು ಪೈಥಾನ್‌ನ ಮೂರು ಸಾಲು:

```
import random
random.seed(20240715)
print(sorted(random.sample(range(1, 11601), 60)))
```

ನಡುವಿನ ಸಾಲಿನಲ್ಲಿರುವುದು ಬೀಜಸಂಖ್ಯೆ. ಅದೇ ಬೀಜ, ಅದೇ ಪಟ್ಟಿ ಇದ್ದರೆ ನಾಳೆ ಬೇರೆಯವರು ಓಡಿಸಿದರೂ ಅದೇ 60 ಸಂಖ್ಯೆ ಬರುತ್ತದೆ. ನಾವು ಆ ದಿನದ ತಾರೀಖನ್ನೇ ಬೀಜವಾಗಿ ಕಾರ್ಯದರ್ಶಿಯವರ ಎದುರು ಕಾಗದದಲ್ಲಿ ಬರೆದುಕೊಂಡು, ಆಮೇಲೆ ಓಡಿಸಿದೆವು. ಬಂದ ಸಂಖ್ಯೆ ಮನಸ್ಸಿಗೆ ಬರಲಿಲ್ಲವೆಂದು ಬೀಜ ಬದಲಿಸಿದರೆ ಮೊದಲಿನ ಕೈಯಾರೆ ಆರಿಸುವ ಪದ್ಧತಿಗೇ ಮರಳಿದಂತೆ.

60 ಯಾಕೆ? ಅರವತ್ತರಲ್ಲಿ ಒಂದೂ ತಪ್ಪು ಸಿಗದಿದ್ದರೆ, ಆ 11,600 ಸಾಲಿನಲ್ಲಿ ತಪ್ಪಿನ ಪ್ರಮಾಣ ಶೇ 5ಕ್ಕಿಂತ ಕಡಿಮೆ ಎಂದು ಶೇ 95ರ ಭರವಸೆಯಲ್ಲಿ ಹೇಳಬಹುದು. 3ನ್ನು ನಮೂನೆಯ ಸಂಖ್ಯೆಯಿಂದ ಭಾಗಿಸಿದರೆ ಈ ಮಿತಿ ಸಿಗುತ್ತದೆ. ಶೇ 2ರ ಮಿತಿ ಬೇಕೆಂದರೆ 150 ಸಾಲು ನೋಡಬೇಕು.

ಒಂದೊಂದಕ್ಕೂ ಒಂದು ಸಾಲು

ದಾಖಲೆ ಹಾಳೆಯನ್ನು ತಪಾಸಣೆಗೆ ಮೊದಲೇ ಮಾಡಿಟ್ಟುಕೊಳ್ಳಿ. ಅರವತ್ತು ಸಾಲಿನ ಸಂಖ್ಯೆಯೂ ಮೊದಲೇ ಅದರಲ್ಲಿರಲಿ. ಪುಸ್ತಕದ ಮೊತ್ತ, ಕಾಗದದ ಮೊತ್ತ, ವ್ಯತ್ಯಾಸ, ಸಂಕೇತ, ಯಾವ ಕಾಗದ ನೋಡಿದ್ದು, ಏನು ಕಂಡದ್ದು, ಸಂಘದ ಉತ್ತರ, ಉತ್ತರ ಬಂದ ದಿನ, ಇಷ್ಟು ಕಾಲಮ್ ಸಾಕು. ಸಂಕೇತ ನಾಲ್ಕೇ ಇಟ್ಟಿದ್ದೆವು: ಸರಿ, ಮೊತ್ತ ತಪ್ಪು, ಕಾಗದ ಇಲ್ಲ, ಸಹಿ ಇಲ್ಲ. ಸರಿಯಿದ್ದ ಸಾಲಿಗೂ ‘ಸರಿ’ ಎಂದು ಬರೆಯಲೇಬೇಕು. ಖಾಲಿ ಬಿಟ್ಟರೆ ಅದು ಸರಿಯಿತ್ತೋ, ನೋಡಲೇ ಇಲ್ಲವೋ ಎಂದು ಆರು ತಿಂಗಳ ನಂತರ ನಿಮಗೇ ಗೊತ್ತಾಗುವುದಿಲ್ಲ.

‘ಏನು ಕಂಡದ್ದು’ ಕಾಲಮಿನಲ್ಲಿ ಅಭಿಪ್ರಾಯ ಬೇಡ. 7318ನೇ ಸಾಲಿಗೆ ನಾವು ಬರೆದದ್ದು ಹೀಗೆ: ‘ರಾಶಿ ಅಡಿಕೆ. ತೂಕದ ಚೀಟಿಯಲ್ಲಿ 4.62 ಕ್ವಿಂಟಲ್, ಪಟ್ಟಿಯಲ್ಲಿ 4.26. ದರ 46,200. ಚೀಟಿ ಪ್ರಕಾರ 2,13,444 ರೂ., ಪಟ್ಟಿಯಲ್ಲಿ 1,96,812 ರೂ. ಸದಸ್ಯರಿಗೆ 16,632 ರೂ. ಕಡಿಮೆ ಜಮಾ.’ ‘ಅಜಾಗರೂಕತೆ’ ಎಂಬ ಶಬ್ದ ಅಲ್ಲಿಲ್ಲ, ಬೇಕಾಗಿಯೂ ಇಲ್ಲ. ವ್ಯತ್ಯಾಸ 9ರಿಂದ ನಿಶ್ಶೇಷ ಭಾಗವಾದರೆ ಅಕ್ಕಪಕ್ಕದ ಅಂಕಿ ಅದಲುಬದಲಾಗಿದೆಯೇ ನೋಡಿ ಎನ್ನುವುದು ಲೆಕ್ಕ ಬರೆಯುವವರ ಹಳೆಯ ಗುಟ್ಟು. ಇಲ್ಲಿ 36 ಕಿಲೋ ವ್ಯತ್ಯಾಸ, 62 ಹೋಗಿ 26 ಆಗಿದೆ.

ತಪ್ಪು ಸಿಕ್ಕಾಗ ಕಾರಣ ಕೇಳಿ. ಆ ದಿನ ಮಾಲು ಬಹಳ ಬಂದಿತ್ತಂತೆ, ಚೀಟಿಗಳನ್ನು ರಾತ್ರಿ ಕೂತು ಕಂಪ್ಯೂಟರಿಗೆ ಏರಿಸಿದ್ದರಂತೆ. ಆ ದಿನದ ಉಳಿದ 38 ಸಾಲುಗಳನ್ನೂ ನೋಡಿದಾಗ ಅದೇ ಬಗೆಯ ಇನ್ನೆರಡು ತಪ್ಪು ಸಿಕ್ಕವು. ಇವನ್ನು ಬೇರೆ ಹಾಳೆಯಲ್ಲಿ ಬರೆದೆವು. ಹುಡುಕಿಕೊಂಡು ಹೋಗಿ ಕಂಡ ತಪ್ಪನ್ನು ಅರವತ್ತರ ಲೆಕ್ಕಕ್ಕೆ ಸೇರಿಸಿದರೆ ಪ್ರಮಾಣ ಕೆಡುತ್ತದೆ.

ಸಿಗದ ಚೀಟಿ

ಈಗ ಮೊದಲಿನ ಪ್ರಶ್ನೆ. ಪಕ್ಕದ ಚೀಟಿ ಯಾಕೆ ಆಗದು? ಹಣ ತಪ್ಪು ಕೈಗೆ ಹೋದ ಕಡೆ ಕಾಗದವೂ ಇಲ್ಲದಿರುವ ಸಂಭವ ಹೆಚ್ಚು. ಸಿಗದ ಪ್ರತಿಯೊಂದಕ್ಕೂ ಸಿಗುವುದನ್ನು ಬದಲಿಗೆ ಹಾಕುತ್ತ ಹೋದರೆ, ನಾವು ಯಾವುದನ್ನು ಹುಡುಕಲು ಕೂತೆವೋ ಅದನ್ನೇ ನಮ್ಮ ಕೈಯಾರೆ ನಮೂನೆಯಿಂದ ಹೊರಗೆ ಹಾಕುತ್ತೇವೆ. ಭಾರತೀಯ ಲೆಕ್ಕಪರಿಶೋಧನಾ ಮಾನದಂಡ ಎಸ್‌ಎ 530 ಕೂಡ ಇದನ್ನೇ ಹೇಳುತ್ತದೆ: ಆರಿಸಿದ ದಾಖಲೆಯನ್ನು ಪರಿಶೀಲಿಸಲು ಆಗದಿದ್ದರೆ, ಬೇರೆ ಸೂಕ್ತ ವಿಧಾನದಿಂದಲೂ ಆಗದಿದ್ದರೆ, ಅದನ್ನು ತಪ್ಪು ಎಂದೇ ಎಣಿಸಬೇಕು. ಬದಲಿ ಬರುವುದು ಒಂದೇ ಸಂದರ್ಭದಲ್ಲಿ, ಆ ಸಂಖ್ಯೆಯ ಬಿಲ್ ಕ್ರಮಬದ್ಧವಾಗಿ ರದ್ದಾಗಿದ್ದು ರದ್ದಾದ ಪ್ರತಿ ಕಣ್ಣೆದುರು ಇದ್ದಾಗ.

ಗುಮಾಸ್ತರಿಗೆ ಎರಡು ದಿನ ಕೊಟ್ಟೆವು. ವಖಾರಿಯ ಮೂಲ ತೂಕದ ಪುಸ್ತಕದಲ್ಲೂ ಆ ಹಾಳೆ ಇರಲಿಲ್ಲ. ‘ಕಾಗದ ಇಲ್ಲ’ ಎಂದು ಬರೆದು, ಹುಡುಕಿದ ಜಾಗಗಳನ್ನೂ ನಮೂದಿಸಿದೆವು.

ಕೊನೆಗೆ ಅರವತ್ತರಲ್ಲಿ 57 ಸರಿ, ಒಂದು ಮೊತ್ತ ತಪ್ಪು, ಒಂದು ಕಾಗದ ಇಲ್ಲ, ಒಂದು ಸಹಿ ಇಲ್ಲ. ಹಣಕ್ಕೆ ಸಂಬಂಧಿಸಿದ್ದು ಎರಡು, ಅಂದರೆ ಶೇ 3.3. ವರದಿಯಲ್ಲಿ ಇಷ್ಟೇ ಬರೆದರೆ ಸಾಲದು. ಎರಡು ತಪ್ಪು ಸಿಕ್ಕಾಗ 3ರ ಬದಲು 6.3ನ್ನು 60ರಿಂದ ಭಾಗಿಸಬೇಕು. ನಿಜವಾದ ಪ್ರಮಾಣ ಸುಮಾರು ಶೇ 10ರವರೆಗೂ ಇರಬಹುದು ಎನ್ನುವುದನ್ನೂ ಬರೆಯಬೇಕು. ಒಂದೇ 16,632 ರೂಪಾಯಿಯನ್ನು ಹಿಡಿದು ಇಡೀ ವರ್ಷದ ನಷ್ಟ ಇಷ್ಟು ಲಕ್ಷ ಎಂದು ಗುಣಿಸುವುದು ಮಾತ್ರ ಬೇಡ, ಅದಕ್ಕೆ ಈ ನಮೂನೆ ಸಾಲದು.

ಒಂದು ಕೊರತೆ ಉಳಿಯುತ್ತದೆ. ಪಟ್ಟಿಯಿಂದ ಚೀಟಿಗೆ ಹೋದರೆ ಪಟ್ಟಿಗೆ ಏರದೇ ಹೋದ ಮಾಲು ಸಿಗುವುದಿಲ್ಲ. ಅದಕ್ಕೆ ತಿರುಗಿ ಹೋಗಬೇಕು: ವಖಾರಿಯ ತೂಕದ ಪುಸ್ತಕಗಳಿಂದ ಇದೇ ಕ್ರಮದಲ್ಲಿ ಚೀಟಿ ಎತ್ತಿ, ಪ್ರತಿಯೊಂದೂ ಪಟ್ಟಿಯಲ್ಲಿದೆಯೇ ನೋಡಿ, ಎರಡನೇ ಹಾಳೆಯಲ್ಲಿ ಬರೆಯಬೇಕು. ನಾವು ಮರುವಾರ ಆ ಕೆಲಸಕ್ಕೇ ಕೂತೆವು.