ಕನ್ನಡ ಟಾಕ್‌ಗೆ ಪದ ಎಣಿಸಬೇಡಿ, ಅಕ್ಷರ ಎಣಿಸಿ: ನನ್ನ ಅನುಭವ

ಟ್ರಾನ್ಸ್‌ಕ್ರಿಪ್ಟ್ ಹಿಡಿದು ಮಾತು ತಿದ್ದುತ್ತೇನೆ ಅಂದಾಗ ಭಾಷಣ ಕಲಿಸುವ ಜೊತೆಯ ತರಬೇತುದಾರರು ಒಪ್ಪಲಿಲ್ಲ. ಕಿವಿ ಇರುವಾಗ ಲೆಕ್ಕ ಯಾಕೆ ಅಂದರು. ಈಗ ಅವರಲ್ಲೇ ಕೆಲವರು ರೆಕಾರ್ಡಿಂಗ್ ಕಳಿಸಿ ನನ್ನಿಂದ ಲೆಕ್ಕ ಮಾಡಿಸಿಕೊಳ್ಳುತ್ತಾರೆ.

ದಾರಿ ತೆರೆದದ್ದು ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್‌ನ ಟಾಕ್. ಹದಿನೆಂಟು ನಿಮಿಷ, ಪೂರ್ತಿ ಕನ್ನಡ. ಪದಗಳು 1700ರ ಆಸುಪಾಸು, ಅಂದರೆ ನಿಮಿಷಕ್ಕೆ ಸುಮಾರು 95. ಇಂಗ್ಲಿಷ್ ಟಾಕ್‌ಗೆ ಎಲ್ಲರೂ ಹೇಳುವ 130-150ರ ಪಕ್ಕ ಇಟ್ಟರೆ ಈತ ನಿಧಾನಸ್ಥ. ಆದರೆ ಕೇಳಿದವರೆಲ್ಲ ‘ಉಸಿರು ಬಿಡದೆ ಓಡ್ತಾರೆ’ ಅಂದರು. ಕೇಳಿದವರು ಹೇಳಿದ್ದೇ ಸರಿ. ನಮ್ಮಲ್ಲಿ ಕಾಲ, ನಿಷೇಧ, ವಿಭಕ್ತಿ ಎಲ್ಲ ಪದಕ್ಕೇ ಅಂಟುತ್ತವೆ. ‘ಮಾಡಬೇಕಾಗಿರಲಿಲ್ಲ’ ಅನ್ನುವುದು ಒಂದೇ ಪದ, ಎಂಟು ಅಕ್ಷರ. ಹಾಗಾಗಿ ಪದ ಬಿಟ್ಟು ಅಕ್ಷರ ಎಣಿಸಿದೆ:

```python
import re
def akshara(s):
    return len(re.findall(r'[ಅ-ಔ]|[ಕ-ಹ](?!್)', s))
```

ಒತ್ತಕ್ಷರ ಇದರಲ್ಲಿ ಒಂದಾಗಿಯೇ ಬರುತ್ತದೆ. ಇಂಗ್ಲಿಷ್ ಲಿಪಿಯಲ್ಲಿರುವ ಪದ ಮಾತ್ರ ಲೆಕ್ಕದಿಂದಲೇ ಮಾಯವಾಗುತ್ತದೆ, ಮೊದಲು ಅದನ್ನು ಕನ್ನಡ ಲಿಪಿಗೆ ತಂದುಕೊಳ್ಳಿ. ಆ ಟಾಕ್‌ನಲ್ಲಿ 5600ರಷ್ಟು ಅಕ್ಷರ ಸಿಕ್ಕವು. ಕಾಲು ಸೆಕೆಂಡಿಗಿಂತ ಉದ್ದದ ಮೌನಗಳನ್ನು ಕಳೆದರೆ, ಅವು ಒಟ್ಟು ಮೂರು ನಿಮಿಷ ಇದ್ದವು, ಸೆಕೆಂಡಿಗೆ ಆರು ಚಿಲ್ಲರೆ ಬಂತು. ಹತ್ತು ಹತ್ತು ಸೆಕೆಂಡಿನ ತುಂಡು ಮಾಡಿ ನೋಡಿದಾಗ ಅಸಲಿ ಸಂಗತಿ ಕಂಡಿತು: ಕೋಡ್ ತೋರಿಸುವ ಸ್ಲೈಡ್‌ಗಳಲ್ಲಿ ಎಂಟು ದಾಟುತ್ತಿತ್ತು. ಜನಕ್ಕೆ ಓದಲು ಜಾಸ್ತಿ ಸಮಯ ಬೇಕಾದ ಕಡೆಯೇ ಈತನ ಓಟ ಜೋರು. ಸರಾಸರಿ ಮಾತ್ರ ಕೊಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಫಿಲ್ಲರ್, ಅಂದರೆ ಮಾತಿನ ಮಧ್ಯೆ ಜಾಗ ತುಂಬಲು ಬರುವ ದನಿ-ಪದ, ಎಣಿಸುವುದರಲ್ಲಿ ದುಡ್ಡು ಹೋಯಿತು. ಯಂತ್ರದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಆಂ’, ‘ಮ್’ ಬಹುಪಾಲು ಇರುವುದೇ ಇಲ್ಲ. ಮಾತನ್ನು ಪಠ್ಯ ಮಾಡುವ ವಿಸ್ಪರ್‌ನಂಥ ಮಾದರಿಗಳು ಕಲಿತದ್ದು ಹೆಚ್ಚಾಗಿ ತಿದ್ದಿದ ಪಠ್ಯ ನೋಡಿ, ಹಾಗಾಗಿ ಮಾತನ್ನೂ ತಿದ್ದಿಯೇ ಕೊಡುತ್ತವೆ. ವಿಸ್ಪರ್‌ಗೆ ಮೊದಲೇ ಮಾದರಿ ಪಠ್ಯ ಕೊಡುವ `initial_prompt`ನಲ್ಲಿ ನಾಲ್ಕೈದು ‘ಆಂ’ ಸೇರಿಸಿ ನೋಡಿದೆ. ಕೆಲವು ವಾಪಸ್ ಬಂದವು, ಆದರೆ ಆತ ಸುಮ್ನೆ ನಿಂತ ಜಾಗದಲ್ಲೂ ‘ಆಂ’ ಹುಟ್ಟಿಕೊಂಡವು. ಆಮೇಲೆ ಮನುಷ್ಯರಿಂದಲೇ ಬರೆಸಿದೆ, ನಿಮಿಷಕ್ಕೆ 25 ರೂಪಾಯಿ ಹತ್ತಿರ. ಒಂದು ಬ್ಯಾಚ್‌ಗೆ ಹದಿನಾಲ್ಕು ಸಾವಿರ ದಾಟಿತು. ಅವರೂ ಅಭ್ಯಾಸಬಲದಿಂದ ‘ಆಂ’ ಬಿಟ್ಟೇ ಬರೆದಿದ್ದರು!

ಕೊನೆಗೆ ಕೆಲಸ ಮಾಡಿದ್ದು ಉಲ್ಟಾ ದಾರಿ. ಪಠ್ಯದಲ್ಲಿ ಫಿಲ್ಲರ್ ಹುಡುಕಲಿಲ್ಲ, ದನಿ ಇದ್ದೂ ಪಠ್ಯ ಇಲ್ಲದ ಜಾಗ ಹುಡುಕಿದೆ. ದನಿ ಗುರುತಿಸುವ ಸಿಲೆರೋ ವಿಎಡಿ ‘ಇಲ್ಲಿ ದನಿ ಇದೆ’ ಅನ್ನುತ್ತದೆ, ಪ್ರತಿ ಪದವನ್ನು ಅದರ ಸಮಯಕ್ಕೆ ಜೋಡಿಸುವ ಅಲೈನ್‌ಮೆಂಟ್ ‘ಇಲ್ಲಿ ಪದ ಇಲ್ಲ’ ಅನ್ನುತ್ತದೆ. ಎರಡೂ ಸೇರಿದ ತುಣುಕುಗಳನ್ನಷ್ಟೇ ಕಿವಿಗೊಟ್ಟು ಕೇಳುತ್ತೇನೆ. ಕೆಲವು ಕೆಮ್ಮು, ಕೆಲವು ನಗು, ಉಳಿದವು ಬಹುತೇಕ ‘ಆಂ’. ಇಪ್ಪತ್ತು ನಿಮಿಷದ ಟಾಕ್‌ಗೆ ಈಗ ಕಾಲು ಗಂಟೆ ಸಾಕು. ಒಂದು ಎಚ್ಚರ: ಎಷ್ಟೋ ಸಲ ಹಿಂದಿನ ಪದದ ಸಮಯವೇ ಹಿಗ್ಗಿ ‘ಆಂ’ ಅನ್ನು ನುಂಗಿಬಿಡುತ್ತದೆ. ‘ಈ’ ಅನ್ನುವ ಒಂದಕ್ಷರದ ಪದ ಒಂದು ಸೆಕೆಂಡ್ ಮೀರಿದ್ದರೆ ಅಲ್ಲಿ ಏನೋ ಅಡಗಿದೆ ಅಂತಲೇ ಅರ್ಥ. ಅಕ್ಷರಕ್ಕೆ ಎಷ್ಟು ಮಿಲಿಸೆಕೆಂಡ್ ಮೀರಿದರೆ ಅನುಮಾನಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

‘ಅಂದ್ರೆ’, ‘ಆಮೇಲೆ’, ‘ಸೋ’, ‘ಆಕ್ಚುಲಿ’ ಇವುಗಳದ್ದು ಬೇರೆ ಕಥೆ. ‘ಅಂದ್ರೆ’ ಎಲ್ಲವೂ ಫಿಲ್ಲರ್ ಅಲ್ಲ, ಅರ್ಥ ಬಿಡಿಸುವ ‘ಅಂದ್ರೆ’ ಬೇಕೇ ಬೇಕು ಅಲ್ವಾ? ಅದನ್ನು ಎಳೆದಿದ್ದರೆ ಅಥವಾ ಅದರ ಹಿಂದೆಯೂ ಮುಂದೆಯೂ ಮೌನ ಇದ್ದರೆ ಮಾತ್ರ ಎಣಿಸುತ್ತೇನೆ. ಆ ಇಂಜಿನಿಯರ್‌ನ 110 ‘ಅಂದ್ರೆ’ಗಳಲ್ಲಿ ಹೀಗೆ ಉಳಿದದ್ದು ನಲವತ್ತರಷ್ಟು.

ಸುಮ್ನೆ ಕುತೂಹಲಕ್ಕೆ ಸ್ಲೈಡ್ ಬದಲಾದ ಸಮಯಗಳನ್ನೂ ಅದೇ ಹಾಳೆಗೆ ಸೇರಿಸಿದೆ. ಅರ್ಧಕ್ಕಿಂತ ಜಾಸ್ತಿ ಫಿಲ್ಲರ್‌ಗಳು ಹೊಸ ಸ್ಲೈಡ್ ಬಂದ ಐದು ಸೆಕೆಂಡಿನೊಳಗೆ ಕೂತಿದ್ದವು. ಸ್ಲೈಡ್ ನೋಡಿ ಏನು ಹೇಳಬೇಕು ಅಂತ ಹುಡುಕುವ ಹೊತ್ತು ಅದು. ಹಾಗಾಗಿ ‘ಫಿಲ್ಲರ್ ಕಡಿಮೆ ಮಾಡಿ’ ಅಂತ ನಾನು ಹೇಳಲೇ ಇಲ್ಲ. ಮುಂದಿನ ಸ್ಲೈಡ್‌ನ ಮೊದಲ ವಾಕ್ಯವನ್ನು ಹೇಳಿ ಮುಗಿಸಿ ಆಮೇಲೆ ಬಟನ್ ಒತ್ತಿ ಅಂದೆ, ಅಷ್ಟೇ. ನಿಮಿಷಕ್ಕೆ ಒಂಬತ್ತರ ಹತ್ತಿರ ಇದ್ದ ಫಿಲ್ಲರ್ ಮುಂದಿನ ಟಾಕ್‌ನಲ್ಲಿ ಮೂರಕ್ಕೆ ಇಳಿಯಿತು. ಕೋಡ್ ಸ್ಲೈಡ್‌ನ ವೇಗವೂ ಆರಕ್ಕೆ ಬಂತು, ಅದಕ್ಕೆ ಮಾತ್ರ ಸಾಲು ಸಾಲಿಗೆ ಬೆರಳಿಟ್ಟು ಓದಿಸಬೇಕಾಯಿತು.

ಪ್ರಶ್ನೋತ್ತರದ ಭಾಗವನ್ನು ನಾನು ಎಣಿಸುವುದಿಲ್ಲ. ಯೋಚಿಸಿ ಉತ್ತರ ಕೊಡುವಾಗ ‘ಆಂ’ ಬರಲೇಬೇಕು. ತೊದಲುವವರ ರೆಕಾರ್ಡಿಂಗ್ ಬಂದರೆ ಫಿಲ್ಲರ್ ಎಣಿಕೆ ಪೂರ್ತಿ ಬಿಟ್ಟು ವೇಗದ ಹಾಳೆ ಮಾತ್ರ ಕಳಿಸುತ್ತೇನೆ, ಅದಕ್ಕೆ ಅರ್ಧ ಫೀಸು.